ನೆಟ್ಟಗಾಗದ ಮೊಣಕಾಲು: ಯೋಗ ಬಳಗದಲ್ಲಿ ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಬಿಜೈಯ ಸದಸ್ಯೆ: ರಥಸಪ್ತಮಿಗೆ 108 ಸೂರ್ಯ ನಮಸ್ಕಾರ ಹಾಕಬೇಕೆಂದಿದ್ದೇನೆ. ದಿನಕ್ಕೆ 12 ಹಾಕುತ್ತಿದ್ದವಳು ಈ ವಾರ 40ಕ್ಕೆ ಏರಿಸಿದೆ. ಕೈಯೂರಿದಾಗ ಬಲ ಮಣಿಕಟ್ಟಿನ ಮೇಲ್ಭಾಗ ನೋಯುತ್ತದೆ. ನಿಲ್ಲಿಸಬೇಕೇ?

ಫಿಸಿಯೋಥೆರಪಿಸ್ಟ್: ಪೂರ್ತಿ ನಿಲ್ಲಿಸಬೇಕಿಲ್ಲ, 12ಕ್ಕೆ ಹಿಂತಿರುಗಿ. ಒಂದೇ ವಾರದಲ್ಲಿ ಮೂರು ಪಟ್ಟಿಗಿಂತ ಹೆಚ್ಚು ಭಾರ ಬಿದ್ದರೆ ಯಾವ ಮಣಿಕಟ್ಟೂ ಸುಮ್ಮನಿರುವುದಿಲ್ಲ. ಬೈರಾಸನ್ನು ಗಟ್ಟಿಯಾಗಿ ಮಡಚಿ ಅಂಗೈಯ ಬುಡದ ಕೆಳಗಿಡಿ, ಬೆರಳುಗಳು ನೆಲಕ್ಕೆ ಇಳಿಜಾರಾಗಿರಲಿ. ಮಣಿಕಟ್ಟು ಹಿಂದಕ್ಕೆ ಬಾಗುವುದು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ತೋರುಬೆರಳಿನ ಬುಡವನ್ನು ನೆಲಕ್ಕೆ ಒತ್ತಿ, ಭಾರವೆಲ್ಲ ಅಂಗೈಯ ಬುಡಕ್ಕೆ ಬೀಳದಂತೆ ನೋಡಿಕೊಳ್ಳಿ. ಆಗಲೂ ನೋವಿದ್ದರೆ ಮುಷ್ಟಿಯ ಮೇಲೆ ನಿಲ್ಲಿ, ಇಲ್ಲವೇ ಗೋಡೆಗೆ ಕೈಯಿಟ್ಟು ಮಾಡಿ. ಒಂದು ಕೇಳುತ್ತೇನೆ: ಇತ್ತೀಚೆಗೆ ಜಾರಿ ಕೈಯೂರಿ ಬಿದ್ದಿದ್ದೀರಾ?

ಬಿಜೈಯ ಸದಸ್ಯೆ: ಇಲ್ಲ ಡಾಕ್ಟರೇ.

ಫಿಸಿಯೋಥೆರಪಿಸ್ಟ್: ಒಳ್ಳೆಯದು. ಬಿದ್ದಿದ್ದು, ಹೆಬ್ಬೆರಳಿನ ಬುಡದ ಗುಳಿಯನ್ನು ಒತ್ತಿದರೆ ನೋಯುತ್ತಿದ್ದರೆ ಎಕ್ಸ್‌ರೇ ಮಾಡಿಸದೆ ಕೈಯೂರಬಾರದು. ಅಲ್ಲಿನ ಸಣ್ಣ ಎಲುಬಿನ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ, 10–14 ದಿನಗಳ ನಂತರದ ಎಕ್ಸ್‌ರೇಯಲ್ಲಿ ಕಾಣುವುದುಂಟು.

ಕಾಪುವಿನ ಸದಸ್ಯರು: ಊಟದ ನಂತರ ವಜ್ರಾಸನದಲ್ಲಿ ಕುಳಿತರೆ ಮೊಣಕಾಲು ನೋಯುತ್ತದೆ. ಏನು ಮಾಡಲಿ?

ಫಿಸಿಯೋಥೆರಪಿಸ್ಟ್: ಕುರ್ಚಿಯಲ್ಲಿ ಕುಳಿತುಕೊಳ್ಳಿ. ವಜ್ರಾಸನವೇ ಬೇಕೆಂದರೆ ಹಿಮ್ಮಡಿಗಳ ನಡುವೆ ದಪ್ಪ ದಿಂಬಿಟ್ಟು ಅದರ ಮೇಲೆ ಕೂರಿ.

ಮಣಿಪಾಲದ ಬ್ಯಾಂಕ್ ಉದ್ಯೋಗಿ: ನನಗೆ 46 ವರ್ಷ. ಭಾನುವಾರ ಬೆಳಿಗ್ಗೆ ಪದ್ಮಾಸನಕ್ಕೆ ಎಡ ಪಾದವನ್ನು ಕೈಯಿಂದ ಎಳೆದು ತೊಡೆಯ ಮೇಲಿಟ್ಟೆ. ಮೊಣಕಾಲಿನ ಒಳಗಡೆ ಟಕ್ ಎಂದಿತು. ಅಂದು ನಡೆದಾಡಿದೆ. ಸೋಮವಾರ ಎದ್ದಾಗ ಬಾವು ಬಂದಿತ್ತು. ಇವತ್ತು ಬುಧವಾರ, ಬಾವು ಸ್ವಲ್ಪ ಇಳಿದಿದೆ. ಆದರೆ ಕಾಲು ಪೂರ್ತಿ ನೆಟ್ಟಗಾಗುತ್ತಿಲ್ಲ. ಅರ್ಧ ಪದ್ಮಾಸನ ಮಾಡುತ್ತಾ ಸಡಿಲಿಸಿಕೊಳ್ಳಬಹುದೇ?

ಫಿಸಿಯೋಥೆರಪಿಸ್ಟ್: ಬೇಡ. ಇವತ್ತಿನಿಂದ ಆ ಕಾಲಿಗೆ ಯಾವ ಆಸನವೂ ಬೇಡ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಕೊನೆಯ ಮಾತು ನನ್ನನ್ನು ಹೆದರಿಸಿದೆ.

ಪದ್ಮಾಸನದಲ್ಲಿ ತಿರುಗಬೇಕಾದದ್ದು ಮೊಣಕಾಲಲ್ಲ, ಸೊಂಟದ ಕೀಲು. ತೊಡೆಯ ಎಲುಬು ಹೊರಮುಖವಾಗಿ ಸಾಕಷ್ಟು ತಿರುಗಿದರೆ ಪಾದ ತಾನಾಗಿ ತೊಡೆಯ ಮೇಲೆ ಬರುತ್ತದೆ. ಸೊಂಟ ತಿರುಗದಿದ್ದಾಗ ನಾವು ಪಾದವನ್ನು ಹಿಡಿದು ಎಳೆಯುತ್ತೇವೆ. ಆಗ ಕೆಳಗಾಲು ಒಂದು ಸನ್ನೆಗೋಲಾಗಿ, ಆ ತಿರುಚು ಬಲವೆಲ್ಲ ಮೊಣಕಾಲಿಗೆ ಬೀಳುತ್ತದೆ. ಅಲ್ಲಿ ಎರಡು ಎಲುಬುಗಳ ನಡುವೆ ಅರ್ಧಚಂದ್ರದಂಥ ಮೆತ್ತೆಗಳಿವೆ, ಮೆನಿಸ್ಕಸ್ ಎನ್ನುತ್ತೇವೆ. ಒಳಗಡೆಯ ಮೆತ್ತೆಯ ಹಿಂಭಾಗ ಮಡಿಚಿದ ಮೊಣಕಾಲಿನಲ್ಲಿ ಸಿಕ್ಕಿಕೊಂಡು ಹರಿಯಬಹುದು. ನಲವತ್ತು ದಾಟಿದವರಲ್ಲಿ ಅದು ಮೊದಲಿನಷ್ಟು ಪುಟಿಯುವುದಿಲ್ಲ, ಸಣ್ಣ ಎಳೆತವೇ ಸಾಕಾಗುತ್ತದೆ.

ಬಾವು ಒಂದೆರಡು ಗಂಟೆಯಲ್ಲೇ ಉಬ್ಬಿದ್ದರೆ ಒಳಗೆ ರಕ್ತ ಸೇರಿದೆಯೆಂದು ಶಂಕಿಸುತ್ತಿದ್ದೆ. ನಿಮಗೆ ಮರುದಿನ ಬಂದಿದೆ, ಅದು ಮೆತ್ತೆಯ ಗಾಯಕ್ಕೆ ಹೊಂದುತ್ತದೆ. ಬಾವಿನಿಂದಲೂ ಕಾಲು ಪೂರ್ತಿ ಚಾಚಲಾಗದೆ ಇರಬಹುದು. ಆದರೆ ಹರಿದ ತುಂಡು ಕೀಲಿನ ನಡುವೆ ಅಡ್ಡ ಬಿದ್ದಿದ್ದರೂ ಹೀಗೇ ಆಗುತ್ತದೆ, ಬಾಗಿಲ ಸಂದಿಯಲ್ಲಿ ಕಲ್ಲು ಸಿಕ್ಕಿದಂತೆ. ಹಾಗಿದ್ದರೆ ಒತ್ತಿ ನೆಟ್ಟಗೆ ಮಾಡುವ ಪ್ರತಿ ಪ್ರಯತ್ನವೂ ಆ ತುಂಡನ್ನು ಇನ್ನಷ್ಟು ಜಜ್ಜುತ್ತದೆ. ಬೇಗ ಗೊತ್ತಾದರೆ ಹೊಲಿದು ಉಳಿಸಿಕೊಳ್ಳುವ ಸಾಧ್ಯತೆಯಿರುತ್ತದೆ. ಜಜ್ಜಿಹೋದದ್ದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಮಂಚದ ಮೇಲೆ ಬೋರಲಾಗಿ ಮಲಗಿ. ತೊಡೆ ಮಂಚದ ಮೇಲಿರಲಿ, ಮೊಣಕಾಲಿನಿಂದ ಕೆಳಗಿನ ಭಾಗ ಅಂಚಿನಾಚೆ ಸಡಿಲವಾಗಿರಲಿ. ಎರಡು ಹಿಮ್ಮಡಿಗಳೂ ಒಂದೇ ಮಟ್ಟದಲ್ಲಿವೆಯೇ ಎಂದು ಮನೆಯವರು ನೋಡಲಿ. ಬಲ ಪ್ರಯೋಗ ಬೇಡ, ನೋಡಿದರೆ ಸಾಕು. ಉತ್ತರ ಇಲ್ಲೇ ಬರೆಯಿರಿ.

ಸುರತ್ಕಲ್‌ನ ಯೋಗ ಶಿಕ್ಷಕಿ: ಡಾಕ್ಟರ್ ಹೇಳಿದ ಸೊಂಟದ ಮಾತು ಸರಿ. ಆದರೆ ಆರು ತಿಂಗಳು ಚಿಟ್ಟೆ ಆಸನ ಮಾಡಿಸಿದರೆ ಎಲ್ಲರಿಗೂ ಪದ್ಮಾಸನ ಬರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಬಂದಿದೆ.

ಫಿಸಿಯೋಥೆರಪಿಸ್ಟ್: ಸ್ನಾಯು ಬಿಗಿಯಾಗಿದ್ದವರಿಗೆ ಬರುತ್ತದೆ ಅಕ್ಕ. ಎಲ್ಲರಿಗೂ ಅಲ್ಲ. ಸೊಂಟದ ಗುಳಿಯ ಆಳ, ತೊಡೆಯೆಲುಬಿನ ಕತ್ತಿನ ಕೋನ ಒಬ್ಬೊಬ್ಬರಿಗೆ ಒಂದೊಂದು ರೀತಿ. ಎಲುಬಿಗೆ ಎಲುಬು ತಾಗಿದ ಮೇಲೆ ಅಭ್ಯಾಸದಿಂದ ಮುಂದೆ ಹೋಗಲಾಗುವುದಿಲ್ಲ. ಬಾರದೆ ತರಗತಿ ಬಿಟ್ಟವರನ್ನು ನೀವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಸುರತ್ಕಲ್‌ನ ಯೋಗ ಶಿಕ್ಷಕಿ: ನಾನು ಯಾರನ್ನೂ ಬಲವಂತ ಮಾಡಿಲ್ಲ. ಹೀಗೆ ಹೆದರಿಸಿದರೆ ಜನ ಯೋಗವನ್ನೇ ಬಿಡುತ್ತಾರೆ.

ಕುಂದಾಪುರದ ಯಕ್ಷಗಾನ ಕಲಾವಿದರು: ನಾನು ಬಡಗುತಿಟ್ಟಿನಲ್ಲಿ 22 ವರ್ಷಗಳಿಂದ ಮಂಡಿ ಹಾಕಿ ಸುತ್ತುತ್ತಿದ್ದೇನೆ. ಮೊಣಕಾಲು ಗಟ್ಟಿಯಿದೆ. ಕುಳಿತಲ್ಲಿ ಮಾಡುವ ಆಸನಕ್ಕೆ ಇಷ್ಟು ಭಯವೇಕೆ?

ಸುರತ್ಕಲ್‌ನ ಯೋಗ ಶಿಕ್ಷಕಿ: ಅದನ್ನೇ ನಾನೂ ಹೇಳುತ್ತಿರುವುದು.

ಬಿಜೈಯ ಸದಸ್ಯೆ: ಅಣ್ಣ, ನೀವು ಹದಿಹರೆಯದಿಂದ ಕಲಿತವರು. ಅವರು ಇಡೀ ದಿನ ಕುರ್ಚಿಯಲ್ಲಿ ಕುಳಿತು ದುಡಿಯುವವರು. ಹೋಲಿಕೆ ಹೇಗೆ?

ಕುಂದಾಪುರದ ಯಕ್ಷಗಾನ ಕಲಾವಿದರು: ನಿಮ್ಮನ್ನು ಕೇಳಲಿಲ್ಲ ತಂಗಿ.

ಕಾರ್ಕಳದ ಸದಸ್ಯರು: ಎಕ್ಕದ ಎಲೆಯನ್ನು ಎಣ್ಣೆ ಹಚ್ಚಿ ಕಾಯಿಸಿ ರಾತ್ರಿಯಿಡೀ ಮೊಣಕಾಲಿಗೆ ಕಟ್ಟಿ. ಏಳು ದಿನದಲ್ಲಿ ಸವೆದ ಮೂಳೆ ಬೆಳೆಯುತ್ತದೆ. ತಪ್ಪದೆ ಎಲ್ಲರಿಗೂ ಕಳುಹಿಸಿ.

ಫಿಸಿಯೋಥೆರಪಿಸ್ಟ್: ದಯವಿಟ್ಟು ಇದನ್ನು ಅಳಿಸಿ. ಎಕ್ಕದ ಹಾಲು ಚರ್ಮ ಸುಡುತ್ತದೆ. ರಾತ್ರಿ ಕಟ್ಟಿಕೊಂಡು ಬೆಳಿಗ್ಗೆ ಬೊಬ್ಬೆಗಳೊಂದಿಗೆ ಬಂದವರಿಗೆ ನಾನೇ ಪಟ್ಟಿ ಕಟ್ಟಿದ್ದೇನೆ. ಆ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಎಲೆ ಕಟ್ಟಿ ಯಾವ ಮೂಳೆಯೂ ಬೆಳೆದಿಲ್ಲ.

ಕಾರ್ಕಳದ ಸದಸ್ಯರು: ನಮ್ಮ ಅಜ್ಜಿ ಕಟ್ಟುತ್ತಿದ್ದರು. ಎಲ್ಲವನ್ನೂ ಅಲ್ಲಗಳೆಯಬೇಡಿ.

ಫಿಸಿಯೋಥೆರಪಿಸ್ಟ್: ನಿಮ್ಮ ಅಜ್ಜಿ ಇನ್ನೂರು ಜನರಿಗೆ ಸಂದೇಶ ಕಳುಹಿಸಲಿಲ್ಲ.

ಉಳ್ಳಾಲದ ಸದಸ್ಯೆ: ವಜ್ರಾಸನದಲ್ಲಿ ಮೊಣಕಾಲು ನೋವು ಬಂದರೆ ಏನು ಮಾಡಬೇಕು?

ಫಿಸಿಯೋಥೆರಪಿಸ್ಟ್: ಮೇಲೆ ಓದಿ.

ಉಳ್ಳಾಲದ ಸದಸ್ಯೆ: ಓದಿದೆ. ನನಗೆ ಜೋಮೂ ಹಿಡಿಯುತ್ತದೆ.

ಫಿಸಿಯೋಥೆರಪಿಸ್ಟ್: ಅದನ್ನು ಮೊದಲೇ ಬರೆಯಬೇಕಿತ್ತು. ಜೋಮು ಹಿಡಿದ ಕೂಡಲೇ ಏಳಿ. ಮೊಣಕಾಲಿನ ಹೊರಬದಿಯ ನರ ಒತ್ತಿಹೋಗುತ್ತದೆ. ಎದ್ದ ಮೇಲೆ ಪಾದವನ್ನು ಮೇಲಕ್ಕೆತ್ತಲಾಗದಿದ್ದರೆ ಅದೇ ದಿನ ವೈದ್ಯರನ್ನು ನೋಡಿ.

ಸುರತ್ಕಲ್‌ನ ಯೋಗ ಶಿಕ್ಷಕಿ: ಹಾಗಾದರೆ ಪದ್ಮಾಸನ ಯಾರಿಗೆ ಕಲಿಸಬಹುದು, ಅದನ್ನಾದರೂ ಹೇಳಿ.

ಫಿಸಿಯೋಥೆರಪಿಸ್ಟ್: ಕುರ್ಚಿಯಲ್ಲಿ ಕೂರಿಸಿ, ಒಂದು ಪಾದದ ಗಂಟನ್ನು ಇನ್ನೊಂದು ತೊಡೆಯ ಮೇಲೆ ಇಡಿಸಿ. ಕೆಳಗಾಲು ನೆಲಕ್ಕೆ ಹೆಚ್ಚುಕಡಿಮೆ ಸಮನಾಗಿ ನಿಂತರೆ ಸೊಂಟ ತಿರುಗುತ್ತದೆ ಎಂದರ್ಥ. ಮೊಣಕಾಲು ಎತ್ತರದಲ್ಲೇ ನಿಂತರೆ ಅವರನ್ನು ಪದ್ಮಾಸನಕ್ಕೆ ದೂಡಬೇಡಿ. ಅವರು ಮಣೆಯ ಮೇಲೋ ಮಡಚಿದ ಕಂಬಳಿಯ ಮೇಲೋ ಕುಳಿತು ಸರಳವಾಗಿ ಕಾಲು ಮಡಚಲಿ. ಸೊಂಟ ಮೊಣಕಾಲಿಗಿಂತ ಎತ್ತರದಲ್ಲಿರಲಿ. ತೊಡೆಯ ಹೊರಬದಿಯಲ್ಲಿ ಎಳೆತ ಕಂಡರೆ ಚಿಂತೆಯಿಲ್ಲ. ಮೊಣಕಾಲಿನೊಳಗೆ ಚುಚ್ಚಿದರೆ ಆ ಕ್ಷಣವೇ ಕಾಲು ಬಿಡಿಸಬೇಕು, ಕೈಯಿಂದ ಪಾದವನ್ನು ಎತ್ತಿ ಬಿಡಿಸಬೇಕು.

ಸುರತ್ಕಲ್‌ನ ಯೋಗ ಶಿಕ್ಷಕಿ: ಕುರ್ಚಿಯ ಪರೀಕ್ಷೆ ಮಾಡಿಸಿ ನೋಡುತ್ತೇನೆ. ಉಳಿದದ್ದನ್ನು ನಾನು ಒಪ್ಪಿಲ್ಲ.

ಹೆಜಮಾಡಿಯ ಸದಸ್ಯೆ: ಅಮ್ಮನಿಗೆ ಮೊಣಕಾಲು ಬದಲಿ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷವಾಯಿತು. ನೆಲದ ಮೇಲೆ ಕುಳಿತು ಪ್ರಾಣಾಯಾಮ ಮಾಡಬಹುದೇ?

ಮಣಿಪಾಲದ ಬ್ಯಾಂಕ್ ಉದ್ಯೋಗಿ: ಹೆಂಡತಿ ನೋಡಿದಳು. ಎಡ ಹಿಮ್ಮಡಿ ಮೂರು ಬೆರಳಷ್ಟು ಮೇಲೆ ನಿಂತಿದೆ. ಶನಿವಾರ ರಜೆ ಇದೆ, ಆಗ ತೋರಿಸುತ್ತೇನೆ.

ಫಿಸಿಯೋಥೆರಪಿಸ್ಟ್: ಶನಿವಾರದವರೆಗೆ ಕಾಯಬೇಡಿ. ನಾಳೆಯೇ ಮೂಳೆ ವೈದ್ಯರ ಹತ್ತಿರ ಹೋಗಿ, ‘ಟಕ್ ಎಂದ ದಿನದಿಂದ ಕಾಲು ನೆಟ್ಟಗಾಗಿಲ್ಲ’ ಎಂಬ ಮಾತನ್ನೇ ಮೊದಲು ಹೇಳಿ. ಎಕ್ಸ್‌ರೇಯಲ್ಲಿ ಮೆತ್ತೆ ಕಾಣುವುದಿಲ್ಲ, ಅವರು ಎಂಆರ್‌ಐ ಬರೆದುಕೊಟ್ಟರೆ ಮುಂದೂಡಬೇಡಿ. ಅಲ್ಲಿಯವರೆಗೆ ತಿಕ್ಕುವುದು, ಎಳೆಯುವುದು, ಎಣ್ಣೆ ಹಾಕಿ ನೀವುವುದು ಯಾವುದೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಬಹುದು. ಬೈಕ್ ಓಡಿಸಬೇಡಿ, ಬೇರೆಯವರು ಕರೆದುಕೊಂಡು ಹೋಗಲಿ.

ಮಣಿಪಾಲದ ಬ್ಯಾಂಕ್ ಉದ್ಯೋಗಿ: ಆಯಿತು ಡಾಕ್ಟರೇ. ನಾಳೆ ರಜೆ ಹಾಕಿದ್ದೇನೆ.

ಕಾರ್ಕಳದ ಸದಸ್ಯರು: ಸಾಸಿವೆ ಎಣ್ಣೆಯಾದರೂ ಹಚ್ಚಬಹುದಲ್ಲ?