ಮುಳ್ಳು ಸೊನ್ನೆಯಲ್ಲೇ ಇದೆ, R ಎಷ್ಟು ಅಂತ ಬರೆಯಲಿ?

ಪ್ಲಗ್‌ಪೆಟ್ಟಿಗೆ:
ಪೋಸ್ಟ್ ಆಫೀಸ್ ಬಾಕ್ಸ್‌ನಲ್ಲಿ ಅಂದರೆ ಪ್ಲಗ್ ತೆಗೆದು ರೋಧ ಬದಲಿಸುವ ವೀಟ್‌ಸ್ಟನ್ ಬ್ರಿಡ್ಜ್‌ನಲ್ಲಿ, ಒಂದು ತಾಮ್ರದ ಸುರುಳಿಯ ರೋಧ ಅಳೆಯುತ್ತಿದ್ದೇನೆ. ಅನುಪಾತದ ತೋಳುಗಳು P, Q ಎರಡೂ 100 ಓಮ್, R ನಾನು ಬದಲಿಸುವ ರೋಧ. 2 ವೋಲ್ಟ್ ಸೆಲ್. R 235 ಇಟ್ಟರೆ ಗ್ಯಾಲ್ವನೋಮೀಟರ್ ಮುಳ್ಳು ಸ್ವಲ್ಪ ಎಡಕ್ಕೆ, 238 ಇಟ್ಟರೆ ಸ್ವಲ್ಪ ಬಲಕ್ಕೆ. 236ಕ್ಕೂ ಅಲ್ಲಾಡುವುದಿಲ್ಲ, 237ಕ್ಕೂ ಅಲ್ಲಾಡುವುದಿಲ್ಲ. ಬ್ಯಾಲೆನ್ಸ್ ಅಂದರೆ ಒಂದೇ ಬೆಲೆ ಇರಬೇಕಲ್ವಾ? ಯಾವುದನ್ನು ಬರೆಯಲಿ?

ಸಾಲುಗೆರೆ:
ಇದು ಸುಲಭ. P 1000 ಮಾಡಿ, Q 100 ಇರಲಿ. ಆಗ R ಸುಮಾರು 2360ರ ಹತ್ತಿರ ಬರುತ್ತದೆ. ಹತ್ತರಿಂದ ಭಾಗಿಸಿದರೆ ಉತ್ತರಕ್ಕೆ ಒಂದು ದಶಮಾಂಶ ಸ್ಥಾನ ಸಿಗುತ್ತದೆ. 236, 237ರ ಗೊಂದಲವೇ ಇರುವುದಿಲ್ಲ.

ಗೇಜ್‌ಅಂಟು:
ಬ್ಯಾಲೆನ್ಸ್ ಯಾಕೆ ಬೇಕು ಅಂತಲೇ ನನಗೆ ಅರ್ಥ ಆಗಲಿಲ್ಲ. ನಾನು ದಿನಾ ಲೋಹ ಎಷ್ಟು ಹಿಗ್ಗಿತು ಅಂತ ಅಳೆಯುವ ಸ್ಟ್ರೇನ್ ಗೇಜ್ ಬ್ರಿಡ್ಜ್ ಜೊತೆಗೇ ಕೆಲಸ ಮಾಡುವವನು. ನಮ್ಮಲ್ಲಿ ಅಸಮತೋಲವೇ ಸಿಗ್ನಲ್, ಅದು ದೋಷ ಅಲ್ಲ. ಬ್ರಿಡ್ಜ್‌ನಿಂದ ಬರುವ ವೋಲ್ಟೇಜ್ ಓದಿ, ಸೆಲ್‌ನ ವೋಲ್ಟೇಜ್ E ಎಷ್ಟು ಅಂತ ಗೊತ್ತಿದ್ದರೆ ಲೆಕ್ಕ ಹಾಕಿ. ಒಂದೇ ರೀಡಿಂಗ್‌ನಲ್ಲಿ ಮುಗಿಯಿತು.

ಮಾಪನಮೇಜು:
ಪ್ಲಗ್‌ಪೆಟ್ಟಿಗೆ ಅವರೇ, ನಿಮ್ಮ ಗ್ಯಾಲ್ವನೋಮೀಟರ್‌ನ ರೋಧ ಎಷ್ಟು? ಒಂದು ಗೆರೆಗೆ ಎಷ್ಟು ಕರೆಂಟ್? ಇವೆರಡು ಇಲ್ಲದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು.

ಪ್ಲಗ್‌ಪೆಟ್ಟಿಗೆ:
ರೋಧ 100 ಓಮ್. ಒಂದು ಗೆರೆಗೆ 20 ಮೈಕ್ರೋಆಂಪಿಯರ್. ಅಷ್ಟರಲ್ಲಿ ಸಾಲುಗೆರೆ ಅವರು ಹೇಳಿದ ಹಾಗೆ 1000ಕ್ಕೆ 100 ಇಟ್ಟು ನೋಡಿದೆ. ಈಗ ಇನ್ನೂ ವಿಚಿತ್ರ. R 2350ರಿಂದ 2385ರವರೆಗೆ ಏನು ಇಟ್ಟರೂ ಮುಳ್ಳು ಸುಮ್ನೆ ಸೊನ್ನೆಯಲ್ಲೇ ಕೂತಿದೆ.

ಸಾಲುಗೆರೆ:
ಪ್ಲಗ್ ಸಡಿಲ ಇರಬೇಕು. ಒತ್ತಿ, ಸ್ವಲ್ಪ ತಿರುಗಿಸಿ ಕೂರಿಸಿ.

ಮಾಪನಮೇಜು:
ಪ್ಲಗ್ ಸಡಿಲ ಇದ್ದರೆ ಮುಳ್ಳು ಹಾರಾಡುತ್ತದೆ, ಹೀಗೆ ಶಾಂತವಾಗಿ ಕೂರುವುದಿಲ್ಲ. ಪೆಟ್ಟಿಗೆ ಸರಿಯಾಗೇ ಇದೆ.

ಮೊದಲು 100ಕ್ಕೆ 100ರ ಕಥೆ ನೋಡೋಣ. ಒಂದು ಗೆರೆಯ ಐದನೇ ಒಂದು ಭಾಗಕ್ಕಿಂತ ಕಡಿಮೆ ಸರಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ ಅಂತ ಇಟ್ಟುಕೊಳ್ಳಿ. ಅಂದರೆ 4 ಮೈಕ್ರೋಆಂಪಿಯರ್‌ವರೆಗೆ ಕರೆಂಟ್ ಹರಿದರೂ ನಿಮಗೆ ಅದು ಸೊನ್ನೆಯೇ. ಆ ಕರೆಂಟ್ ಎಷ್ಟು ರೋಧ ದಾಟಿ ಬರಬೇಕು? P ಮತ್ತು Q ಪ್ಯಾರಲಲ್ ಆಗಿ 50, R ಮತ್ತು ನಿಮ್ಮ ಸುರುಳಿಯ ರೋಧ X ಪ್ಯಾರಲಲ್ ಆಗಿ 118, ಗ್ಯಾಲ್ವನೋಮೀಟರ್ 100. ಒಟ್ಟು 268 ಓಮ್. ಅದರಲ್ಲಿ 4 ಮೈಕ್ರೋಆಂಪಿಯರ್ ಹರಿಯಬೇಕಾದರೆ ಸುಮಾರು 1.07 ಮಿಲಿವೋಲ್ಟ್ ಬೇಕು. ಸೆಲ್‌ನ ಒಳರೋಧ ತೀರಾ ಕಡಿಮೆ ಅಂತ ಇಲ್ಲಿ ಬಿಟ್ಟಿದ್ದೇನೆ.

P, Q ಸಮ ಇದ್ದಾಗ ಬ್ಯಾಲೆನ್ಸ್ ಹತ್ತಿರ ಬ್ರಿಡ್ಜ್ ಕೊಡುವ ವೋಲ್ಟೇಜ್ ಇಷ್ಟು:

V = (E/4) × (ΔX/X)

E 2 ವೋಲ್ಟ್ ಆದರೆ 1.07 ಮಿಲಿವೋಲ್ಟ್‌ಗೆ ΔX/X ಸುಮಾರು 0.0021. ನಿಮ್ಮ X ಮೇಲೆ ಅದು ಅರ್ಧ ಓಮ್. ಅಂದರೆ ನಿಜವಾದ ಬ್ಯಾಲೆನ್ಸ್‌ನ ಆಚೆ ಅರ್ಧ ಓಮ್, ಈಚೆ ಅರ್ಧ ಓಮ್ ಒಂದು ಪಟ್ಟಿ ಇದೆ. ಅದರೊಳಗೆ ಮುಳ್ಳು ಮಾತಾಡುವುದಿಲ್ಲ. ನಿಮ್ಮ 236, 237 ಎರಡೂ ಆ ಪಟ್ಟಿಯೊಳಗೇ ಬಿದ್ದಿವೆ. ಸೂತ್ರದಲ್ಲಿ ಬ್ಯಾಲೆನ್ಸ್ ಒಂದು ಬಿಂದು, ಮೇಜಿನ ಮೇಲೆ ಅದಕ್ಕೆ ಅಗಲ ಇದೆ.

ಈಗ 1000ಕ್ಕೆ 100. ಇಲ್ಲಿ E/4 ಬರುವುದಿಲ್ಲ. ಅನುಪಾತ r ಆದರೆ E × r/(1+r)² ಬರುತ್ತದೆ. r 10 ಆದಾಗ ಅದು 10/121, ಅಂದರೆ ಮೊದಲಿನ ಮೂರನೇ ಒಂದು ಭಾಗ. ದಾರಿಯ ರೋಧವೂ 268ರಿಂದ 406ಕ್ಕೆ ಏರಿತು. ಎರಡೂ ಸೇರಿ ಪಟ್ಟಿ ನಾಲ್ಕೂವರೆ ಪಟ್ಟು ಅಗಲ ಆಯಿತು. X ಮೇಲೆ ಆಚೀಚೆ 2.3 ಓಮ್, R ಮೇಲೆ ಆಚೀಚೆ 23 ಓಮ್. ನೀವು ಕಂಡದ್ದು ಅದನ್ನೇ. ಹೆಜ್ಜೆ ಹತ್ತು ಪಟ್ಟು ಸಣ್ಣದಾಯಿತು, ಆದರೆ ನೋಟ ಮಂಕಾಯಿತು.

ಸಾಲುಗೆರೆ:
ಹಾಗಾದರೆ ಆ 10, 100, 1000 ಅನುಪಾತಗಳು ಪೆಟ್ಟಿಗೆಯಲ್ಲಿ ಯಾಕಿವೆ? 10ಕ್ಕೆ 1 ಇಟ್ಟು ಇನ್ನೂ ಕರಾರುವಾಕ್ಕಾಗಿ ಓದುವುದು ಅಂತಲೇ ಎಲ್ಲರೂ ಕಲಿಸುವುದು.

ಮಾಪನಮೇಜು:
ಅದು ಸುಳ್ಳಲ್ಲ, ಅರ್ಧ ಮಾತು. X 5 ಓಮ್ ಆಗಿದ್ದರೆ 1 ಓಮ್ ಹೆಜ್ಜೆ ಅಂದರೆ 20 ಶೇಕಡಾ ಜಿಗಿತ. ಅಲ್ಲಿ ಮುಳ್ಳು ಒಂದು ಹೆಜ್ಜೆಗೆ ಹಲವು ಗೆರೆ ಹಾರುತ್ತದೆ. ಕೊರತೆ ಇರುವುದು ಹೆಜ್ಜೆಯಲ್ಲಿ, ಅನುಪಾತ ಬದಲಿಸಿದರೆ ಲಾಭ ಇದೆ. ಇವರ ಸುರುಳಿಗೆ ಕೊರತೆ ಇರುವುದು ಮುಳ್ಳಿನಲ್ಲಿ. ಯಾವುದು ಅಂತ ತಿಳಿಯುವುದು ಸುಲಭ: R ಒಂದು ಓಮ್ ಬದಲಿಸಿದಾಗ ಮುಳ್ಳು ಎದ್ದು ಕಾಣುವಷ್ಟು ಸರಿಯುತ್ತಾ ಇಲ್ಲವಾ ನೋಡಿ. ಸರಿಯದಿದ್ದರೆ ಹೆಜ್ಜೆ ಸಣ್ಣ ಮಾಡಿ ಏನೂ ಸಿಗುವುದಿಲ್ಲ.

ಕೆಂಪುತಂತಿ:
ಒಂದು ಮಾತು. ಬ್ಯಾಲೆನ್ಸ್‌ನಲ್ಲಿ ಗ್ಯಾಲ್ವನೋಮೀಟರ್‌ನ ರೋಧ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ನಾನು 5000 ಓಮ್ ರೋಧ ಅದರ ಜೊತೆ ಸರಣಿಯಲ್ಲೇ ಬಿಟ್ಟಿರುತ್ತೇನೆ. ಮುಳ್ಳು ಬಾಗುವ ಭಯ ಇಲ್ಲ, ಉತ್ತರವೂ ಬದಲಾಗುವುದಿಲ್ಲ.

ಮಾಪನಮೇಜು:
ಬ್ಯಾಲೆನ್ಸ್ ಇರುವ ಜಾಗ ಬದಲಾಗುವುದಿಲ್ಲ, ಸರಿ. ಆದರೆ ಅದನ್ನು ಹುಡುಕುವ ಶಕ್ತಿ ಹೋಗುತ್ತದೆ. ಅದೇ 4 ಮೈಕ್ರೋಆಂಪಿಯರ್‌ಗೆ ಈಗ 5268 ಓಮ್ ದಾಟಬೇಕು, 21 ಮಿಲಿವೋಲ್ಟ್ ಬೇಕು. ಇವರ ಸುರುಳಿಯಲ್ಲಿ ಅದು ಆಚೀಚೆ 10 ಓಮ್. 227 ಇಟ್ಟರೂ ಸೊನ್ನೆ, 246 ಇಟ್ಟರೂ ಸೊನ್ನೆ. ಹುಡುಕಾಟದ ಶುರುವಿಗೆ ಆ ರೋಧ ಬೇಕೇ ಬೇಕು, ಕೊನೆಯ ಕೆಲವು ಓಮ್‌ಗೆ ಬಂದಾಗ ತೆಗೆಯಲೇಬೇಕು.

ಇನ್ನೊಂದು, ಇದು ಸುರುಳಿ. ಮೊದಲು ಬ್ಯಾಟರಿ ಕೀ ಒತ್ತಿ, ಆಮೇಲೆ ಗ್ಯಾಲ್ವನೋಮೀಟರ್ ಕೀ. ಬಿಡುವಾಗ ತಿರುಗಾಮುರುಗಾ. ಇಲ್ಲದಿದ್ದರೆ ಕರೆಂಟ್ ಏರುವಾಗಿನ ಒದೆತವನ್ನೇ ಅಸಮತೋಲ ಅಂತ ಓದಿಬಿಡುತ್ತೀರಿ.

ಪ್ಲಗ್‌ಪೆಟ್ಟಿಗೆ:
ಹಾಗಾದರೆ ನಾನು 236.5 ಅಂತ ಬರೆದು ಆಚೀಚೆ ಅರ್ಧ ಓಮ್ ಅಂದುಬಿಡಲಾ?

ಮಾಪನಮೇಜು:
ಅದಕ್ಕಿಂತ ಸ್ವಲ್ಪ ಚೆನ್ನಾಗಿ ಮಾಡಬಹುದು. ಮುಳ್ಳು ಮಾತಾಡದ ಜಾಗದಲ್ಲಿ ಕೇಳಬೇಡಿ, ಮಾತಾಡುವ ಜಾಗದಲ್ಲಿ ಕೇಳಿ. ಬೇಕಂತಲೇ ಎರಡೂ ಕಡೆ ಬ್ಯಾಲೆನ್ಸ್ ತಪ್ಪಿಸಿ. 100ಕ್ಕೆ 100 ಇಟ್ಟು, R 232ರಲ್ಲಿ ಎಡಕ್ಕೆ ಎಷ್ಟು ಗೆರೆ, 241ರಲ್ಲಿ ಬಲಕ್ಕೆ ಎಷ್ಟು ಗೆರೆ ಅಂತ ಓದಿ. ನಡುವೆ ಸೊನ್ನೆ ಎಲ್ಲಿ ಬೀಳುತ್ತದೆ ಅಂತ ಅನುಪಾತದಲ್ಲಿ ತೆಗೆಯಿರಿ. ತುಂಬಾ ದೂರ ಹೋಗಬೇಡಿ, ದೂರದಲ್ಲಿ ಸರಿತ ಸರಳರೇಖೆಯಲ್ಲಿ ಇರುವುದಿಲ್ಲ.

ಪ್ಲಗ್‌ಪೆಟ್ಟಿಗೆ:
232ಕ್ಕೆ ಎಡಕ್ಕೆ 1.8, 241ಕ್ಕೆ ಬಲಕ್ಕೆ 1.7. ಒಟ್ಟು 3.5 ಗೆರೆ, 9 ಓಮ್‌ಗೆ. 232 + 9 × 1.8/3.5 = 236.6 ಬಂತು.

ಗೇಜ್‌ಅಂಟು:
ನೋಡಿ, ಕೊನೆಗೆ ನನ್ನ ದಾರಿಗೇ ಬಂದಿರಿ. ಅಸಮತೋಲವನ್ನೇ ಓದಿದಿರಿ.

ಮಾಪನಮೇಜು:
ಓದಿದ್ದೇವೆ, ಆದರೆ ಎರಡೂ ಕಡೆ ಓದಿದ್ದರಿಂದ E ಎಷ್ಟು ಅಂತ ಯಾರೂ ಕೇಳಲಿಲ್ಲ. ಎರಡು ರೀಡಿಂಗ್‌ಗಳ ಅನುಪಾತದಲ್ಲಿ ಅದು ಹೊಡೆದುಹೋಯಿತು. ನಿಮ್ಮ ಒಂದೇ ರೀಡಿಂಗ್ ಪದ್ಧತಿಯಲ್ಲಿ X ಬ್ಯಾಲೆನ್ಸ್‌ನಿಂದ 10 ಶೇಕಡಾ ದೂರ ಇದ್ದರೆ, E 1 ಶೇಕಡಾ ತಪ್ಪಾದಾಗ X ಸುಮಾರು 0.1 ಶೇಕಡಾ ತಪ್ಪಾಗುತ್ತದೆ. ಅದರ ಜೊತೆ E/4 ಸೂತ್ರವೇ ಅಷ್ಟು ದೂರದಲ್ಲಿ ಆ ವ್ಯತ್ಯಾಸವನ್ನು 5 ಶೇಕಡಾ ತಪ್ಪಾಗಿ ಹೇಳುತ್ತದೆ.

ಗೇಜ್‌ಅಂಟು:
ನಮ್ಮ ಗೇಜ್ ಅಷ್ಟು ದೂರ ಹೋಗುವುದೇ ಇಲ್ಲ. 1000 ಮೈಕ್ರೋಸ್ಟ್ರೇನ್‌ಗೆ ರೋಧ 0.2 ಶೇಕಡಾ ಬದಲಾಗುತ್ತದೆ, ಅಷ್ಟೇ. ಗೇಜ್‌ನ ಒಟ್ಟು ರೋಧ ನಮಗೆ ಬೇಕಾಗಿಯೂ ಇಲ್ಲ, ಎಷ್ಟು ಬದಲಾಯಿತು ಅನ್ನುವುದು ಸಾಕು. ಹಾಂ, ಇವರಿಗೆ ಬೇಕಾದದ್ದು ಒಟ್ಟು ರೋಧ. ಅದು ಬೇರೆ ಪ್ರಶ್ನೆ, ಒಪ್ಪುತ್ತೇನೆ.

ಕೆಂಪುತಂತಿ:
ಗ್ಯಾಲ್ವನೋಮೀಟರ್ ಬಿಟ್ಟು ಡಿಜಿಟಲ್ ಮಲ್ಟಿಮೀಟರ್ ಹಾಕಿದರೆ? 200 ಮಿಲಿವೋಲ್ಟ್ ರೇಂಜ್‌ನಲ್ಲಿ 0.1 ಮಿಲಿವೋಲ್ಟ್ ಕಾಣುತ್ತದೆ.

ಮಾಪನಮೇಜು:
ತುಂಬಾ ಒಳ್ಳೆಯ ಸಲಹೆ. ಅದು ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು, ಹಾಗಾಗಿ ದಾರಿಯ ರೋಧದ ತಲೆನೋವು ಇಲ್ಲ. 100ಕ್ಕೆ 100ರಲ್ಲಿ R ಒಂದು ಓಮ್ ಬದಲಾದರೆ 2.1 ಮಿಲಿವೋಲ್ಟ್ ಬದಲಾಗಬೇಕು. ಒಮ್ಮೆ ಸೆಲ್‌ನ ತಂತಿಗಳನ್ನು ಅದಲುಬದಲು ಮಾಡಿ ನೋಡಿ. ಚಿಹ್ನೆ ಮಾತ್ರ ಬದಲಾಗಬೇಕು, ಸಂಖ್ಯೆ ಅದೇ ಇರಬೇಕು. ಇಲ್ಲವಾದರೆ ಜೋಡಣೆಗಳ ಶಾಖದಿಂದ ಹುಟ್ಟಿದ ವೋಲ್ಟೇಜ್ ಅಥವಾ ಮೀಟರ್‌ನ ಸೊನ್ನೆಯ ತಪ್ಪು ಸೇರಿಕೊಂಡಿದೆ.

ಪ್ಲಗ್‌ಪೆಟ್ಟಿಗೆ:
236ಕ್ಕೆ +1.3, 237ಕ್ಕೆ −0.8. ತಂತಿ ತಿರುಗಿಸಿದಾಗ −1.3, +0.8. ಲೆಕ್ಕ ಹಾಕಿದರೆ 236.62! ಎರಡು ದಶಮಾಂಶ ಬರೆಯಬಹುದಲ್ವಾ?

ಮಾಪನಮೇಜು:
ಬೇಡ. ಅಸಮತೋಲದ ದೋಷ ಈಗ 0.05 ಓಮ್‌ಗೆ ಇಳಿದಿದೆ, ನಿಜ. ಆದರೆ P, Q ಎರಡೂ 100 ಅಂತ ಪೆಟ್ಟಿಗೆ ಹೇಳುತ್ತದೆ, ನಿಜಕ್ಕೂ ಅಷ್ಟು ಸಮವೇ? ಅವುಗಳ ಅನುಪಾತ 0.1 ಶೇಕಡಾ ತಪ್ಪಿದ್ದರೆ X 0.24 ಓಮ್ ತಪ್ಪುತ್ತದೆ. ಅದನ್ನು ಯಾವ ಮೀಟರೂ ತೋರಿಸುವುದಿಲ್ಲ, ತಪ್ಪು ಜಾಗದಲ್ಲೇ ಅಚ್ಚುಕಟ್ಟಾಗಿ ಸೊನ್ನೆ ತೋರಿಸುತ್ತದೆ. 1000ಕ್ಕೆ 1000 ಇಟ್ಟು ಮತ್ತೆ ಅಳೆಯಿರಿ. ಕಾಯಿಲ್‌ಗಳು ಬೇರೆ, ಅನುಪಾತ ಅದೇ. ಮಲ್ಟಿಮೀಟರ್ ಇರುವುದರಿಂದ ನೋಟವೂ ಮಂಕಾಗದು. 10ಕ್ಕೆ 10 ಮಾತ್ರ ಬೇಡ, ಆ ಕಾಯಿಲ್‌ಗಳಲ್ಲಿ 100 ಮಿಲಿಆಂಪಿಯರ್ ಹರಿದು ಬಿಸಿಯಾಗುತ್ತವೆ.

ಪ್ಲಗ್‌ಪೆಟ್ಟಿಗೆ:
1000ಕ್ಕೆ 1000ರಲ್ಲಿ 236.4 ಬಂತು. ಇನ್ನೊಂದು ವಿಷಯ ಗಮನಿಸಿದೆ. ತಂತಿ ಸರಿಪಡಿಸಲು ಸುರುಳಿಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದೆ. R 236ರಲ್ಲೇ ಇತ್ತು, ಆದರೂ ರೀಡಿಂಗ್ 3 ಮಿಲಿವೋಲ್ಟ್ ದಾಟಿತು. ಕೆಳಗಿಟ್ಟ ಮೇಲೆ ನಿಧಾನವಾಗಿ ಇಳಿಯಿತು.

ಮಾಪನಮೇಜು:
ತಾಮ್ರ ಅಲ್ವಾ. ಒಂದು ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. ನಿಮ್ಮ ಸುರುಳಿಗೆ ಅದು 0.9 ಓಮ್, ಅಂದರೆ ಹತ್ತಿರ ಹತ್ತಿರ 2 ಮಿಲಿವೋಲ್ಟ್. ರೋಧದ ಪಕ್ಕದಲ್ಲಿ ಉಷ್ಣಾಂಶ ಬರೆಯದಿದ್ದರೆ ದಶಮಾಂಶಕ್ಕೆ ಅರ್ಥವೇ ಇಲ್ಲ. ನಾನಾದರೆ 236.5, ಆಚೀಚೆ 0.3, ಜೊತೆಗೆ ಇಷ್ಟು ಡಿಗ್ರಿಯಲ್ಲಿ ಅಂತ ಬರೆಯುತ್ತೇನೆ.

ಕೆಂಪುತಂತಿ:
0.3 ಕಡಿಮೆ ಆಯಿತು. R ಕಾಯಿಲ್‌ಗಳ ತಪ್ಪು ಎರಡೂ ಸಲ ಒಂದೇ ಥರ ಸೇರಿದೆ, ಅನುಪಾತ ಬದಲಿಸಿದರೆ ಅದು ಹೋಗುವುದಿಲ್ಲ. ಸುರುಳಿಗೆ ಹೋಗುವ ತಂತಿಗಳ ರೋಧವನ್ನೂ ಯಾರೂ ಕಳೆದಿಲ್ಲ. ನಾನು ಅರ್ಧ ಓಮ್‌ಗಿಂತ ಕೆಳಗೆ ಇಳಿಯುವುದಿಲ್ಲ.

ಮಾಪನಮೇಜು:
ತಂತಿಯ ಮಾತು ಸರಿ. ಸುರುಳಿ ತೆಗೆದು ತಂತಿಗಳ ತುದಿ ಜೋಡಿಸಿ ಒಮ್ಮೆ ಅಳೆದು ಕಳೆಯಬೇಕು, ಇಲ್ಲಿ 1000ಕ್ಕೆ 10 ಬೇಕಾಗುತ್ತದೆ. R ಕಾಯಿಲ್‌ಗಳ ಬಗ್ಗೆ ಪೆಟ್ಟಿಗೆಯ ಮೇಲೆ ಶೇಕಡಾವಾರು ಏನಾದರೂ ಬರೆದಿದೆಯಾ, ಪ್ಲಗ್‌ಪೆಟ್ಟಿಗೆ ಅವರೇ? 0.1 ಇದ್ದರೆ ನನ್ನ 0.3 ಉಳಿಯುತ್ತದೆ, 0.5 ಇದ್ದರೆ ಕೆಂಪುತಂತಿ ಅವರ ಅರ್ಧ ಓಮ್ ಕೂಡ ಸಾಲದು.

ಪ್ಲಗ್‌ಪೆಟ್ಟಿಗೆ:
ಮೇಲೆ ಏನೂ ಕಾಣುತ್ತಿಲ್ಲ. ತಳ ತಿರುಗಿಸಿ ನೋಡಿ ಹೇಳುತ್ತೇನೆ.