ಬಾಕಿ 2,10,000, ಗಿರಾಕಿ ಹತ್ರ ಒಟ್ಟಿಗೆ ಇಲ್ಲ. ಕಂತು ಮಾಡಿಕೊಟ್ಟು ಅನುಭವ ಇರೋರು ಹೇಳಿ

ಕಿಚನ್ ಕೆಲಸ, ಮೈಸೂರು
ಮಾಡ್ಯುಲರ್ ಕಿಚನ್, ಎರಡು ವಾರ್ಡ್‌ರೋಬ್. ಜಿಎಸ್‌ಟಿ ಸೇರಿ ಬಿಲ್ 4,72,000, ಬಂದಿರೋದು 2,62,000. ಲಾಫ್ಟ್ ಬಾಗಿಲು ಒಂದು ಬಿಟ್ಟು ಎಲ್ಲ ಫಿಟ್ ಆಗಿದೆ. ಗಿರಾಕಿ ಸಂಬಳದಾರರು, ಕೈಗೆ 62,000 ಬರುತ್ತೆ, ಅದರಲ್ಲಿ ಮನೆ ಸಾಲಕ್ಕೇ 27,000 ಹೋಗುತ್ತೆ. ಒಳ್ಳೆ ಜನ, ಮನಸ್ತಾಪ ಬೇಡ. ಕಂತಿನ ಮಾತು ಹೇಗೆ ಎತ್ತೋದು, ಏನು ಬರೆಸಿಕೊಳ್ಳೋದು?

ಗೇಟು ಗ್ರಿಲ್ಲು, ಹುಬ್ಬಳ್ಳಿ
ಮಾತೇನ್ ಎತ್ತೂದ್ರೀ ಅದರಾಗ. ಪೂರ್ತಿ ಬಾಕಿದ್ದು ಒಂದ ಚೆಕ್ ಬರಸ್ಕೊಂಡು ಡ್ರಾವರ್‌ನ್ಯಾಗ ಇಟ್ಬಿಡ್ರಿ, ತಾರೀಖು ಖಾಲಿ ಇರ್ಲಿ. ಆಮ್ಯಾಲ ಯುಪಿಐದಾಗ 10 ಹಾಕ್ತಾನೋ 20 ಹಾಕ್ತಾನೋ ಹಾಕ್ಲಿ. ತಪ್ಪಿದ ದಿವಸ ಚೆಕ್ ಬ್ಯಾಂಕಿಗೆ. ನಮ್ಮ ಶೆಡ್ಡಿನ ಕೆಲಸದ್ದು 3,40,000 ಬಾಕಿ ಹಿಂಗ ಎಂಟು ತಿಂಗಳದಾಗ ಬಂತು, ಒಂದ್ ಕಾಗದ ಬರೀಲಿಲ್ಲ.

ಲೆಕ್ಕದ ಮನೆ, ಶಿವಮೊಗ್ಗ
ಹುಬ್ಬಳ್ಳಿಯವರಿಗೆ ಹಣ ಬಂದದ್ದು ಗಿರಾಕಿ ಒಳ್ಳೆಯವನಾಗಿದ್ದಕ್ಕೆ, ಚೆಕ್ಕಿನಿಂದಲ್ಲ. ಲೆಕ್ಕ ನೋಡಿ. 2,10,000ಕ್ಕೆ ಒಂದೇ ಚೆಕ್ ಇದೆ, ಮಧ್ಯೆ 80,000 ಯುಪಿಐನಲ್ಲಿ ಬಂತು, ಆಮೇಲೆ ನಿಂತಿತು. ಆಗ ನಿಜವಾದ ಬಾಕಿ 1,30,000. ನೀವು ಬ್ಯಾಂಕಿಗೆ ಹಾಕೋದು 2,10,000ದ ಚೆಕ್. ಅದು ಬೌನ್ಸ್ ಆದರೂ 138ನೇ ಕಲಂ ಕೇಸು ನಿಲ್ಲೋದಿಲ್ಲ, ಯಾಕೆಂದರೆ ಹಾಕಿದ ದಿನ ಅಷ್ಟು ಸಾಲವೇ ಇರಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಬಂದ ಹಣವನ್ನು ಚೆಕ್ಕಿನ ಮೇಲೇ ಬರೆದು ಉಳಿದದ್ದಕ್ಕೆ ಮಾತ್ರ ಹಾಕುವ ದಾರಿ ಕಾನೂನಿನಲ್ಲಿದೆ, ಆದರೆ ಅದನ್ನು ಸರಿಯಾಗಿ ಮಾಡಿದವರು ಅಪರೂಪ.

ಆದ್ದರಿಂದ ಕಂತಿಗೊಂದು ಚೆಕ್. ಪ್ರತಿಯೊಂದರಲ್ಲೂ ತಾರೀಖು, ಹೆಸರು, ಮೊತ್ತ, ಸಹಿ ಎಲ್ಲ ಗಿರಾಕಿಯ ಕೈಬರಹದಲ್ಲೇ ಇರಲಿ. ತಿದ್ದಿದ ಚೆಕ್ ತಗೋಬೇಡಿ; ಹೆಸರಲ್ಲೋ ಮೊತ್ತದಲ್ಲೋ ಗೀಚಿದ್ದರೆ ಪಕ್ಕದಲ್ಲಿ ಸಹಿ ಹಾಕಿದರೂ ಕ್ಲಿಯರಿಂಗ್‌ನಲ್ಲಿ ವಾಪಸ್ ಬರುತ್ತೆ. ಚೆಕ್ಕಿಗೆ ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು ಆಯುಸ್ಸು. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು, ಅದು ತಲುಪಿದ ಮೇಲೆ ಅವರಿಗೆ 15 ದಿನ, ಆಮೇಲೂ ಕೊಡದಿದ್ದರೆ ಒಂದು ತಿಂಗಳೊಳಗೆ ದೂರು. "ಮುಂದಿನ ವಾರ ಕೊಡ್ತೀನಿ" ಅಂತ ನಂಬಿ 31ನೇ ದಿನ ವಕೀಲರ ಹತ್ತಿರ ಬರೋರೇ ಜಾಸ್ತಿ. ಆಯುಸ್ಸು ಉಳಿದಿದ್ದರೆ ಅದೇ ಚೆಕ್ಕನ್ನು ಮತ್ತೆ ಹಾಕಿ ಹೊಸ ಮೆಮೊ ಪಡೆಯಬಹುದು, ಆ ಚೆಕ್ಕಿನ ಮೇಲೆ 138ರ ಕೇಸಿಗೆ ಅದೊಂದೇ ಆಗ ಉಳಿಯೋ ದಾರಿ.

ಗೇಟು ಗ್ರಿಲ್ಲು, ಹುಬ್ಬಳ್ಳಿ
ಕೋರ್ಟಿನ ಮಾತು ಕೋರ್ಟಿನ್ಯಾಗ ಇರ್ಲಿ ಸರ. ಚೆಕ್ ಅಂದ್ರ ಹೆದರಿಕಿ, ಅಷ್ಟ. ಯಾರ್ ಹೋಗ್ತಾರ್ರೀ ಕೋರ್ಟಿಗೆ?

ಲೆಕ್ಕದ ಮನೆ, ಶಿವಮೊಗ್ಗ
ಹೆದರದವನ ಕೈಗೆ ಸಿಕ್ಕ ದಿನ ಗೊತ್ತಾಗುತ್ತೆ.

ಪ್ಲೈವುಡ್ ಅಂಗಡಿ, ಮಂಗಳೂರು
ಚೆಕ್ಕಿನ ಜಗಳ ಆಮೇಲೆ ಮಾಡಿ ಮಾರಾಯ್ರೆ. ಈ ಕಂತಿಗೆ ದುಡ್ಡು ಯಾರದ್ದು ಅಂತ ಯಾರೂ ಕೇಳುದಿಲ್ಲವಲ್ಲ? ಪ್ಲೈ, ಚಾನೆಲ್, ಹಿಂಜ್ ಎಲ್ಲ ನಮ್ಮ ಹತ್ರ ಸಾಲಕ್ಕೆ ತಗೊಂಡು ಹೋಗಿ, ಗಿರಾಕಿಗೆ ಆರು ತಿಂಗಳು ಉದಾರಿಗಳಾಗುದು. 30 ದಿನ ದಾಟಿದರೆ ನಮ್ಮಲ್ಲಿ ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ ಉಂಟು. ಇವತ್ತು 60,000 ತಗೊಂಡು ಉಳಿದ 1,50,000ವನ್ನು ತಿಂಗಳಿಗೆ 25,000ದಂತೆ ಆರು ಕಂತು ಮಾಡಿದಿರಿ ಅಂತ ಇಟ್ಟುಕೊಳ್ಳಿ. ಮೊದಲ ತಿಂಗಳು ಒಂದೂವರೆ ಲಕ್ಷ ಹೊರಗೆ, ಆಮೇಲೆ 1,25,000, ಹೀಗೆ ಇಳಿದು ಕೊನೆಗೆ 25,000. ಎರಡರ ಲೆಕ್ಕದಲ್ಲಿ ಬಡ್ಡಿ 10,500 ಆಯ್ತು. ಅದು ನಿಮ್ಮ ಲಾಭದಿಂದಲೇ ಹೋಗುದು. ಇದರ ಬದಲು ಅವರೇ ಸೊಸೈಟಿಯಲ್ಲಿ ಚಿನ್ನ ಇಟ್ಟು ಸಾಲ ತೆಗೆಯಲಿ, ನಿಮಗೆ ಒಟ್ಟಿಗೆ ಬರ್ತದೆ, ಅವರಿಗೂ ಬಡ್ಡಿ ಕಮ್ಮಿ.

ಮನೆ ಕಟ್ಟಿಸಿದವಳು, ತುಮಕೂರು
ಎಲ್ಲರೂ ಗಿರಾಕಿ ಕಳ್ಳ ಅನ್ನೋ ಹಾಗೇ ಮಾತಾಡ್ತಿದ್ದೀರಿ. ಕೊಡೋರ ಕಡೆದೂ ಕೇಳಿ. ನಾವು ಬಡಗಿ ಕೆಲಸಕ್ಕೆ ಏಳು ಸಲ ನಗದು ಕೊಟ್ವಿ, ಒಂದಕ್ಕೂ ರಸೀದಿ ಇಲ್ಲ. ಲೆಕ್ಕ ಮುಗಿಸೋ ದಿನ ಅವರ ಪುಸ್ತಕದಲ್ಲಿ ಐದೇ ಇತ್ತು. 38,000 ಎರಡು ಸಲ ಕೊಟ್ಟಂಗಾಯ್ತು. ಕಂತು ಕೇಳೋ ಮೊದಲು ರಸೀದಿ ಪುಸ್ತಕ ಇಟ್ಕೊಳ್ಳಿ. ಮತ್ತೆ ಚಿನ್ನ ಇಡಿ ಅಂತ ಗಿರಾಕಿಗೆ ಹೇಳೋಕೆ ನೀವ್ಯಾರು ಸ್ವಾಮಿ?

ಪ್ಲೈವುಡ್ ಅಂಗಡಿ, ಮಂಗಳೂರು
ಅಕ್ಕಾ, ಚಿನ್ನ ಅವರದ್ದು, ಹೌದು. ಪ್ಲೈ ನಮ್ಮದಲ್ವಾ?

ಲೆಕ್ಕದ ಮನೆ, ಶಿವಮೊಗ್ಗ
ತುಮಕೂರಿನವರ ಮಾತಲ್ಲಿ ಇನ್ನೊಂದು ಅಪಾಯ ಅಡಗಿದೆ. ಒಂದೇ ವ್ಯವಹಾರಕ್ಕೆ ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋ ಹಾಗಿಲ್ಲ. 35,000ದಂತೆ ಆರು ಸಲ ತಗೊಂಡರೂ ಕೂಡಿದರೆ 2,10,000 ಆಯ್ತು, ದಿನ ಬೇರೆ ಬೇರೆ ಅನ್ನೋದು ಉತ್ತರವಲ್ಲ. ದಂಡ ತಗೊಂಡ ಮೊತ್ತದಷ್ಟೇ, ಅದೂ ತಗೊಂಡವರಿಗೆ. ಹಿಂದೆ ಬಂದ 2,62,000ದಲ್ಲಿ ನಗದು ಎಷ್ಟಿತ್ತು ಅನ್ನೋದನ್ನೂ ಮೈಸೂರಿನವರು ಈಗಲೇ ನೋಡಿಕೊಳ್ಳಲಿ.

ಸಣ್ಣ ಉದ್ಯಮಿ, ಪೀಣ್ಯ
ಉದ್ಯಮ್ ನೋಂದಣಿ ಇದ್ದರೆ ಇಷ್ಟೆಲ್ಲ ತಲೆನೋವೇ ಬೇಡ. 45 ದಿನ ದಾಟಿದರೆ, ಹಣ ಕೊಡೋವರೆಗೆ ಅವರಿಗೆ ಆ ಖರ್ಚು ತೆರಿಗೆಯಲ್ಲಿ ಸಿಗಲ್ಲ, ತಾನಾಗೇ ಓಡಿ ಬಂದು ಕೊಡ್ತಾರೆ. ನಮ್ಮ ಕಾಂಪೊನೆಂಟ್ ಆರ್ಡರ್‌ಗಳಿಗೆ ಹೀಗೇ ಬರುತ್ತೆ.

ಲೆಕ್ಕದ ಮನೆ, ಶಿವಮೊಗ್ಗ
ನಿಮಗೆ ಬರುತ್ತೆ, ನಿಮ್ಮ ಗಿರಾಕಿ ಕಂಪನಿ. ಇಲ್ಲಿ ಇರೋದು ಮನೆ ಅಡುಗೆಮನೆ. ಸಂಬಳದಾರರು ಅದನ್ನು ಯಾವ ಖರ್ಚಿನಲ್ಲಿ ತೋರಿಸ್ತಾರೆ, ಕಳ್ಕೊಳ್ಳೋಕೆ? ಇನ್ನೊಂದು, ಸಣ್ಣ ಉದ್ಯಮಗಳ ಆ ಕಾಯ್ದೆಯಲ್ಲಿ ಒಪ್ಪಂದ ಇದ್ದರೂ ಗಡುವು 45 ದಿನ ಮೀರೋ ಹಾಗಿಲ್ಲ. ಆರು ತಿಂಗಳ ಕಂತು ಬರೆದುಕೊಟ್ಟು, ಆಮೇಲೆ ಅದೇ ಕಾಯ್ದೆ ಹಿಡಿದು ಬಡ್ಡಿ ಕೇಳೋಕೆ ಹೋದರೆ ಗಿರಾಕಿ ನಿಮ್ಮ ಕಾಗದವನ್ನೇ ಎದುರು ಹಿಡೀತಾರೆ, ಜಗಳ ಶುರುವಾಗುತ್ತೆ.

ಸಣ್ಣ ಉದ್ಯಮಿ, ಪೀಣ್ಯ
ಗೊತ್ತಿರೋದು ಹೇಳಿದೆ. ಎಲ್ಲದಕ್ಕೂ ಮೇಷ್ಟ್ರಾಗಬೇಡಿ.

ಮರಗೆಲಸ ಗುತ್ತಿಗೆ, ಬೆಂಗಳೂರು
ಅವರು ಕೇಳಿದ್ದು ಮಾತು ಹೇಗೆ ಎತ್ತೋದು ಅಂತ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. "ತಿಂಗಳಿಗೆ ಎಷ್ಟು ಕೊಡ್ತೀರಾ ಸರ್" ಅಂತ ಮಾತ್ರ ಕೇಳಬೇಡಿ. ಕೇಳಿದರೆ 10,000 ಅಂತಾರೆ, ಅಲ್ಲಿಗೆ 21 ತಿಂಗಳು, ಆ ಅಂಕಿಯಿಂದ ಮೇಲೆ ಏರಿಸೋದು ಆಗದ ಮಾತು. ಮೊದಲು ಸಂಬಳ ಯಾವತ್ತು ಬರುತ್ತೆ, ಮನೆ ಸಾಲ ಯಾವತ್ತು ಕಟ್ ಆಗುತ್ತೆ, ಇಷ್ಟು ತಿಳ್ಕೊಳ್ಳಿ. 1ಕ್ಕೆ ಸಂಬಳ, 5ಕ್ಕೆ ಸಾಲದ ಕಂತು ಅಂದರೆ ನಿಮ್ಮ ಚೆಕ್ 3ನೇ ತಾರೀಖಿಗೆ ಇರಲಿ. 10ಕ್ಕೆ ಇಟ್ಟರೆ ಬೌನ್ಸ್ ಖಾತ್ರಿ. ಈಗ ಚೆಕ್ ಹಾಕಿದ ದಿನವೇ ಕ್ಲಿಯರಿಂಗ್ ಮುಗಿಯೋದರಿಂದ, "ಎರಡು ದಿನದಲ್ಲಿ ದುಡ್ಡು ಹಾಕಿಬಿಡ್ತೀನಿ" ಅನ್ನೋ ಹಳೆ ಸಾವಕಾಶವೂ ಇಲ್ಲ.

62,000ದಲ್ಲಿ 27,000 ಕಳೆದರೆ 35,000, ಅದರಲ್ಲಿ ಸಂಸಾರ ನಡೀಬೇಕು. ಮಂಗಳೂರಿನವರು ಹೇಳಿದ 25,000 ಆ ಮನೆಗೆ ಆಗಲ್ಲ, ಎರಡನೇ ತಿಂಗಳೇ ತಪ್ಪುತ್ತೆ. 15,000 ತಡೆಯುತ್ತೆ. ಹಾಗಾಗಿ ಮೊದಲ ಕಂತು ದೊಡ್ಡದಾಗಬೇಕು: ಬೋನಸ್ಸೋ, ಚೀಟಿಯೋ, ಅಣ್ಣತಮ್ಮಂದಿರ ಕೈಗಡವೋ, 90,000 ಒಟ್ಟಿಗೆ, ಉಳಿದ 1,20,000 ಎಂಟು ಕಂತು. ವಾಟ್ಸಾಪ್‌ನಲ್ಲಿ ಹೀಗೆ ಕಳಿಸಿ:

"ಸರ್, ಬಾಕಿ 2,10,000 ಇದೆ. ಒಟ್ಟಿಗೆ ಕಷ್ಟ ಅಂದಿರಿ, ಅರ್ಥ ಆಯ್ತು. ಎರಡು ದಾರಿ ನೋಡಿದೀನಿ. ಒಂದು, ಈ ಶನಿವಾರ 90,000, ಆಮೇಲೆ ತಿಂಗಳಿಗೆ 15,000ದ ಎಂಟು ಚೆಕ್, ಪ್ರತಿ 3ಕ್ಕೆ. ಎರಡು, ಶನಿವಾರ 1,30,000, ಆಮೇಲೆ 20,000ದ ನಾಲ್ಕು ಚೆಕ್. ಇದಕ್ಕಾದರೆ ಲಾಫ್ಟ್ ಒಳಗಿನ ಶೆಲ್ಫ್ ನಮ್ಮ ಕಡೆಯಿಂದ. ಯಾವುದು ಅನುಕೂಲ ಹೇಳಿ, ಹಣ ಬಂದ ಮಾರನೇ ದಿನ ಲಾಫ್ಟ್ ಬಾಗಿಲು ಕೂರಿಸ್ತೀವಿ."

ಲಾಫ್ಟ್ ಬಾಗಿಲು ಈಗ ಕೂರಿಸಬೇಡಿ, ನಿಮ್ಮ ಕೈಲಿ ಉಳಿದಿರೋದು ಅದೊಂದೇ. ಮತ್ತೆ ಕಾಗದಕ್ಕೆ ಸಹಿ ಹಾಕಿಸೋ ದಿನವೇ ಮನೆಯಲ್ಲಿ ಒಂದು ಸುತ್ತು ಹಾಕಿ ಕೊರತೆ ಪಟ್ಟಿ ಮಾಡಿ. ಡ್ರಾಯರ್ ಚಾನೆಲ್ ಬಿಗಿ, ಹಿಂಜ್ ಇಳಿದಿದೆ, ಸಿಂಕ್ ಕೆಳಗೆ ಎಡ್ಜ್ ಬ್ಯಾಂಡ್ ಬಿಟ್ಟಿದೆ, ಏನಿದ್ದರೂ ಬರೆದು, ಸರಿ ಮಾಡೋ ತಾರೀಖು ಹಾಕಿ ಇಬ್ಬರೂ ಸಹಿ ಮಾಡಿ. ಕಂತು ನಿಲ್ಲೋದು ಹಣ ಇಲ್ಲದ್ದಕ್ಕೆ ಅಂತ ಯಾರೂ ಹೇಳಲ್ಲ, "ಬಾಗಿಲು ಸರಿ ಮುಚ್ಚಲ್ಲ" ಅಂತಲೇ ಶುರುವಾಗುತ್ತೆ.

ಗೇಟು ಗ್ರಿಲ್ಲು, ಹುಬ್ಬಳ್ಳಿ
ಕೊಡ್ಲಿಲ್ಲಂದ್ರ ಶಟರ್ ಬಿಚ್ಕೊಂಡ್ ಬರ್ರಿ, ಎರಡ ದಿನಕ್ಕ ರೊಕ್ಕ ಬರ್ತದ.

ಮರಗೆಲಸ ಗುತ್ತಿಗೆ, ಬೆಂಗಳೂರು
ಬರೋದು ಪೊಲೀಸ್ ಸ್ಟೇಷನ್‌ನಿಂದ ಫೋನು. ಫಿಟ್ ಮಾಡಿ ಬಿಲ್ ಕೊಟ್ಟ ಮೇಲೆ ಅದು ಅವರ ಮನೆ ಸಾಮಾನು. ಇಂಥ ಸಲಹೆ ಕೊಟ್ಟು ಹೊಸಬರನ್ನ ಹಾಳು ಮಾಡಬೇಡಿ.

ಗೇಟು ಗ್ರಿಲ್ಲು, ಹುಬ್ಬಳ್ಳಿ
ಹೊಸಬರಿಗೆ ಶೆಲ್ಫ್ ಪುಕ್ಕಟ ಕೊಡೂದ ಕಲಸ್ರಿ, ಭಾಳ ಉದ್ಧಾರ ಆಗ್ತಾರ.

ಲೆಕ್ಕದ ಮನೆ, ಶಿವಮೊಗ್ಗ
ಕಾಗದದಲ್ಲಿ ಏನಿರಬೇಕು ಅಂದರೆ: ಬಿಲ್ ನಂಬರ್, ಒಟ್ಟು, ಬಂದದ್ದು, "ಬಾಕಿ 2,10,000 ಕೊಡಬೇಕಾಗಿರುವುದು ನಿಜ" ಅನ್ನೋ ಒಂದು ಸಾಲು, ಎಂಟೂ ಚೆಕ್ಕಿನ ನಂಬರ್ ಮತ್ತು ತಾರೀಖು. ಒಂದು ಕಂತು 15 ದಿನ ತಪ್ಪಿದರೆ ಉಳಿದದ್ದೆಲ್ಲ ಒಟ್ಟಿಗೆ ಬಾಕಿ ಅನ್ನೋ ಷರತ್ತು ಬಿಡಬೇಡಿ, ಇಲ್ಲದಿದ್ದರೆ ಪ್ರತಿ ಕಂತಿಗೂ ಅದರ ತಾರೀಖು ಬರೋವರೆಗೆ ಕಾಯಬೇಕು. ಒಪ್ಪಿ ಸಹಿ ಹಾಕಿದ ದಿನದಿಂದ ದಾವೆಯ ಮೂರು ವರ್ಷದ ಲೆಕ್ಕವೂ ಹೊಸದಾಗಿ ಶುರುವಾಗುತ್ತೆ.

ಜಿಎಸ್‌ಟಿ ಮಾತ್ರ ಕಂತಿಗೆ ಕಾಯಲ್ಲ. ಬಿಲ್ಲಿನಲ್ಲಿ 72,000 ತೆರಿಗೆ ಇದೆ, ಬಿಲ್ ಕೊಟ್ಟ ತಿಂಗಳ ರಿಟರ್ನ್‌ನಲ್ಲಿ ಪೂರ್ತಿ ಕಟ್ಟಬೇಕು, ತಡವಾದರೆ ವರ್ಷಕ್ಕೆ 18ರ ಬಡ್ಡಿ. ಗಿರಾಕಿ ಕೊನೆಗೂ ಕೊಡದೇ ಹೋದರೂ ಕಟ್ಟಿದ ತೆರಿಗೆ ವಾಪಸಿಲ್ಲ. ತಡಕ್ಕೆ ಅಂತ ಬಡ್ಡಿ ತಗೊಂಡರೆ ಅದರ ಮೇಲೂ ಜಿಎಸ್‌ಟಿ ಬೀಳುತ್ತೆ.

ಪ್ಲೈವುಡ್ ಅಂಗಡಿ, ಮಂಗಳೂರು
ನೋಡಿ, ಅದಕ್ಕೇ ಚಿನ್ನ ಅಂದದ್ದು.

ಕಿಚನ್ ಕೆಲಸ, ಮೈಸೂರು
ಮೆಸೇಜ್ ಕಳಿಸಿದೆ. ಮೊದಲನೇ ದಾರಿ ಒಪ್ಪಿದ್ದಾರೆ, ಶನಿವಾರ 90,000 ಅಂದ್ರು. ಆದರೆ ಅವರ ಚೆಕ್ ಪುಸ್ತಕ ಮುಗಿದಿದೆಯಂತೆ, ಹೆಂಡತಿ ಜೊತೆಗಿರೋ ಜಂಟಿ ಖಾತೆದು ಕೊಡ್ತಾರಂತೆ, ಸಹಿ ಅವರ ಹೆಂಡತಿದು. ತಗೋಬಹುದಾ?

ಲೆಕ್ಕದ ಮನೆ, ಶಿವಮೊಗ್ಗ
ಬೌನ್ಸ್ ಆದರೆ ಸಹಿ ಹಾಕಿದವರ ಮೇಲೆ ಮಾತ್ರ ಕೇಸು, ಜಂಟಿ ಖಾತೆ ಅಂತ ಇನ್ನೊಬ್ಬರನ್ನು ಎಳೆಯೋಕಾಗಲ್ಲ. ಬಿಲ್ ಗಂಡನ ಹೆಸರಲ್ಲಿದೆ. ಆ ಚೆಕ್ಕುಗಳಿಗೂ ಗಂಡನೇ ಸಹಿ ಹಾಕಲಿ. ಹೆಂಡತಿಯದೇ ಆಗಬೇಕು ಅಂದರೆ ಬಾಕಿ ಒಪ್ಪಿಕೊಳ್ಳೋ ಕಾಗದಕ್ಕೆ ಇಬ್ಬರ ಸಹಿಯೂ ಬೀಳಬೇಕು.

ಮನೆ ಕಟ್ಟಿಸಿದವಳು, ತುಮಕೂರು
ಗಂಡ ಮಾಡಿದ ಸಾಲಕ್ಕೆ ಹೆಂಡತಿ ಸಹಿ! ಆ ಹೆಣ್ಣುಮಗಳನ್ನ ಯಾರಾದ್ರೂ ಕೇಳಿದ್ರಾ?

ಗೇಟು ಗ್ರಿಲ್ಲು, ಹುಬ್ಬಳ್ಳಿ
ಅಡಗಿಮನಿ ಯಾರ್ದಕ್ಕಾ ಮತ್ತ?