ಸಹಾಯ ಬೇಕು: ಟಾರ್ಕ್‌ಗೂ ಶಕ್ತಿಗೂ ಒಂದೇ ಯೂನಿಟ್ ಯಾಕೆ?

ನಮಸ್ಕಾರ. ಬೆಂಗಳೂರಿನ ಜಯನಗರದಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಮಾಡುತ್ತೇನೆ. ಒಂದು ಪ್ರಶ್ನೆಗೆ ಸರಿಯಾದ ಉತ್ತರ ಬೇಕಿತ್ತು.

ಕಾರಿನ ಚಕ್ರದ ನಟ್‌ಗೆ ಅರ್ಧ ಮೀಟರ್ ಉದ್ದದ ಸ್ಪ್ಯಾನರ್ ಹಾಕಿ, ಹಿಡಿಗೆ ನೇರ ಅಡ್ಡವಾಗಿ 200 ನ್ಯೂಟನ್ ಬಲ ಕೊಟ್ಟರೆ ಟಾರ್ಕ್ 100 ನ್ಯೂಟನ್ ಮೀಟರ್. ನಟ್ ತುಕ್ಕು ಹಿಡಿದು ಕದಲದಿದ್ದರೆ ಕೆಲಸ ಸೊನ್ನೆ. ನಮ್ಮ ತೋಳು ಸುಮ್ನೆ ನೋಯುತ್ತದೆ, ಅಷ್ಟೇ! ಅದೇ ಟಾರ್ಕ್‌ನಲ್ಲಿ ಕಾಲು ಸುತ್ತು ತಿರುಗಿದರೆ, ಅಂದರೆ 1.57 ರೇಡಿಯನ್, ಕೆಲಸ 157 ಜೂಲ್.

ಟಾರ್ಕ್‌ನಲ್ಲಿ ಮೀಟರ್ ಬಲಕ್ಕೆ ಅಡ್ಡ, ಕೆಲಸದಲ್ಲಿ ಬಲದ ದಿಕ್ಕಿನಲ್ಲೇ. ಇಲ್ಲಿವರೆಗೆ ಮಕ್ಕಳು ಒಪ್ಪುತ್ತಾರೆ. ರೇಡಿಯನ್ ಎರಡು ಉದ್ದಗಳ ಅನುಪಾತ, ಹಾಗಾಗಿ ಯೂನಿಟ್‌ನಲ್ಲಿ ಕಾಣಿಸುವುದಿಲ್ಲ. ಗೊಂದಲ ಶುರುವಾಗುವುದೇ ಅಲ್ಲಿ, ಅಲ್ವಾ? ಟಾರ್ಕ್ ಅನ್ನು 'ಪ್ರತಿ ರೇಡಿಯನ್‌ಗೆ ಇಷ್ಟು ಜೂಲ್' ಎಂದು ಕಲಿಸಿದರೆ ಮುಂದೆ ಎಲ್ಲಾದರೂ ತೊಂದರೆ ಆಗುತ್ತದಾ? ಪಾಠ ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.